ತಟ್ಟೆಯ ಅಂಚಿನ ಚೂರು, ಕಲೆ, ತುಪ್ಪದ ಹನಿ: ಊಟದ ಫೋಟೋವನ್ನು ಗಿಂಪ್‌ನಲ್ಲಿ ಶುಚಿ ಮಾಡುವುದು ಹೇಗೆ

ಬಿಳಿ ಪಿಂಗಾಣಿ ತಟ್ಟೆ. ನಡುವೆ ಬಿಸಿಬೇಳೆಬಾತ್, ಮೇಲೆ ಖಾರಾಬೂಂದಿ, ಅದರ ಮೇಲೆ ಒಂದು ಚಮಚ ತುಪ್ಪ. ಫೋಟೋ ನೇರವಾಗಿ ಮೇಲಿನಿಂದ ತೆಗೆದದ್ದು, ಬೆಳಕು ಎಡಗಡೆ ಮೇಲ್ಭಾಗದ ಕಿಟಕಿಯಿಂದ ಬರ್ತಿದೆ. ಬಾತ್ ಚೆನ್ನಾಗಿ ಬಂದಿದೆ, ಬಣ್ಣವೂ ಸರಿ ಇದೆ. ಆದರೆ ದೊಡ್ಡದು ಮಾಡಿ ನೋಡಿದರೆ ತಟ್ಟೆಯ ಅಂಚಿನಲ್ಲಿ ಮೂರು ತೊಂದರೆ ಕಾಣುತ್ತವೆ. ಎಡಗಡೆ ಕೆಳಗೆ ಒಂದೆರಡು ಬೂಂದಿ ಚೂರು. ಎಡಕ್ಕೆ, ಟಿಶ್ಯೂನಲ್ಲಿ ಒರೆಸಿದ ಜಾಗದಲ್ಲಿ ಉಳಿದ ತಿಳಿ ಹಳದಿ ಗೀರು. ಬಲಗಡೆ, ಗಡಿಯಾರದ ನಾಲ್ಕು ಗಂಟೆಯ ದಿಕ್ಕಿನಲ್ಲಿ, ಬಾತ್‌ನಿಂದ ಹೊರಟು ಅಂಚನ್ನು ದಾಟಿ ತಟ್ಟೆಯ ತುದಿವರೆಗೆ ಹರಿದ ತುಪ್ಪ.

ಈ ಮೂರಕ್ಕೂ ಒಂದೇ ಟೂಲ್ ಸಾಲದು. ಸಾಮಾನ್ಯವಾಗಿ ಎಲ್ಲರೂ ಹೀಲಿಂಗ್ ಬ್ರಷ್ ಹಿಡಿದು ಎಲ್ಲದರ ಮೇಲೂ ಉಜ್ಜುತ್ತಾರೆ. ಚೂರು ಹೋಗುತ್ತದೆ, ಆದರೆ ತಟ್ಟೆಯ ತುದಿ ಕರಗಿದ ಹಾಗೆ ಕಾಣುತ್ತದೆ. ನೋಡಿದವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರದಿದ್ದರೂ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ. ಮೊದಲಿದ್ದ ಚೂರೇ ಪರವಾಗಿರಲಿಲ್ಲ ಅನ್ನಿಸುವಂತಾಗುತ್ತದೆ.

ಇಲ್ಲಿ ನಾನು ಗಿಂಪ್ ಬಳಸಿ ಹೇಳುತ್ತೇನೆ. ಅದು ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೆನು ಮತ್ತು ಟೂಲ್‌ಗಳ ಹೆಸರನ್ನು ಪರದೆಯ ಮೇಲೆ ಕಾಣುವ ಹಾಗೇ ಬರೆದಿದ್ದೇನೆ.

ಮೊದಲು ಅಂಚನ್ನು ಸರಿಯಾಗಿ ನೋಡಿ

ಬಿಳಿ ತಟ್ಟೆಯ ಅಂಚು ಒಂದೇ ಬಿಳಿ ಅಲ್ಲ. ಹೊರತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಹೊಳಪಿನ ಗೆರೆ ಇರುತ್ತದೆ. ಅದರ ಒಳಗೆ ಸಪಾಟಾದ ಪಟ್ಟಿ, ಅಲ್ಲಿ ಬೆಳಕು ನಿಧಾನವಾಗಿ ಬದಲಾಗುತ್ತದೆ. ಪಟ್ಟಿ ಮುಗಿದು ತಟ್ಟೆ ಕೆಳಗಿಳಿಯುವ ಕಡೆ ತೆಳುವಾದ ನೆರಳು. ಹೊರಗಿನಿಂದ ಒಳಕ್ಕೆ ಬಂದರೆ ಎರಡು ಬೆರಳಿನ ಅಗಲದಲ್ಲೇ ಬೆಳಕು ಇಷ್ಟು ಸಲ ಬದಲಾಗುತ್ತದೆ. ಆದರೆ ಅಂಚಿನ ಉದ್ದಕ್ಕೂ, ಅಂದರೆ ತಟ್ಟೆಯ ಸುತ್ತ ಹೋದರೆ, ಬದಲಾವಣೆ ತುಂಬಾ ಕಡಿಮೆ. ನಾಲ್ಕು ಗಂಟೆಯ ಜಾಗಕ್ಕೂ ಐದು ಗಂಟೆಯ ಜಾಗಕ್ಕೂ ಹೆಚ್ಚೇನೂ ವ್ಯತ್ಯಾಸ ಇರುವುದಿಲ್ಲ.

ಹಾಗಾಗಿ ಕಲೆ ಮುಚ್ಚಲು ಬೇಕಾದ ಚೊಕ್ಕ ಜಾಗವನ್ನು ಯಾವಾಗಲೂ ಸುತ್ತಿನ ದಿಕ್ಕಿನಲ್ಲಿ ಹುಡುಕಬೇಕು. ಹೊರತುದಿಯಿಂದ ಕಲೆ ಎಷ್ಟು ದೂರ ಇದೆಯೋ ಅಷ್ಟೇ ದೂರದಲ್ಲಿ, ಪಕ್ಕದಲ್ಲಿ. ಒಳಗಿನಿಂದಲೋ ಹೊರಗಿನಿಂದಲೋ ತಂದರೆ ಬೆಳಕು ಹೊಂದುವುದಿಲ್ಲ. ಮುಂದಿನ ಮೂರು ಕೆಲಸಗಳಲ್ಲೂ ನಾವು ಮಾಡುವುದು ಇದನ್ನೇ.

ಇನ್ನೊಂದು ವಿಷಯ. ಅಂಚಿನ ಒಳಭಾಗದಲ್ಲಿ, ಬಾತ್ ಹತ್ತಿರ, ತಟ್ಟೆ ಸ್ವಲ್ಪ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಅದು ಕಲೆ ಅಲ್ಲ. ಬಾತ್‌ನ ಬಣ್ಣ ಪಿಂಗಾಣಿಯ ಮೇಲೆ ಬಿದ್ದು ಕಾಣುವುದು. ಕಲೆಗೂ ಇದಕ್ಕೂ ವ್ಯತ್ಯಾಸ ಗುರುತಿಸುವುದು ಸುಲಭ: ಈ ಬಣ್ಣ ಬಾತ್ ಇರುವ ಕಡೆಯೆಲ್ಲ ಇರುತ್ತದೆ, ಹೊರಕ್ಕೆ ಹೋದ ಹಾಗೆ ಮೆಲ್ಲಗೆ ಮಾಯವಾಗುತ್ತದೆ. ಕಲೆಗೆ ಒಂದು ಆಕಾರ ಇರುತ್ತದೆ, ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಬಹುದು. ಬಿದ್ದ ಬಣ್ಣವನ್ನು ದಯವಿಟ್ಟು ಅಳಿಸಬೇಡಿ. ಅಳಿಸಿದರೆ ಊಟ ಬೇರೆ, ತಟ್ಟೆ ಬೇರೆ ಅನ್ನೋ ಹಾಗೆ, ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಯಾವುದನ್ನು ಉಳಿಸಬೇಕು ಅಂತಲೂ ಈಗಲೇ ತೀರ್ಮಾನಿಸಿ. ಬಾತ್‌ಗೆ ಅಂಟಿಕೊಂಡು ಒಳಗೇ ನಿಂತ ತುಪ್ಪದ ಹೊಳಪು ಇರಲಿ, ಅದು ಹಸಿವು ಹುಟ್ಟಿಸುತ್ತದೆ. ಬಾತ್‌ನ ಬುಡದಲ್ಲಿ ಬಿದ್ದ ಬೂಂದಿಯೂ ಇರಬಹುದು. ಅಂಚಿನ ಸಪಾಟಾದ ಪಟ್ಟಿಗೆ ಬಂದದ್ದು ಮಾತ್ರ ಹೋಗಬೇಕು. ನಾನು ಇಟ್ಟುಕೊಂಡಿರುವ ಗೆರೆ ಅದು.

ಬೂಂದಿ ಚೂರು: Heal ಟೂಲ್

ಫೋಟೋ ತೆರೆದು `Layer > Duplicate Layer` ಕೊಡಿ. ಮೇಲಿನ ನಕಲಿನ ಮೇಲೆ ಕೆಲಸ ಮಾಡಿ, ಕೆಳಗಿನ ಮೂಲ ಹಾಗೇ ಇರಲಿ. `1` ಒತ್ತಿ 100% ಅಳತೆಗೆ ಹೋಗಿ. ಅದಕ್ಕಿಂತ ಚಿಕ್ಕದಾಗಿ ನೋಡಿದರೆ ಅರ್ಧ ಚೂರು ಕಾಣುವುದೇ ಇಲ್ಲ.

ಚೂರನ್ನು ಹತ್ತಿರದಿಂದ ನೋಡಿ. ಬೆಳಕು ಎಡ ಮೇಲಿನಿಂದ ಬರುವುದರಿಂದ ಚೂರಿನ ನೆರಳು ಬಲ ಕೆಳಕ್ಕೆ ಬಿದ್ದಿರುತ್ತದೆ. ತಟ್ಟೆ ನುಣುಪಾಗಿದ್ದರೆ ಚೂರಿನ ಬುಡದಲ್ಲಿ ಅದರದ್ದೇ ಮಸುಕಾದ ಕಿತ್ತಳೆ ಪ್ರತಿಬಿಂಬವೂ ಇರುತ್ತದೆ. ಮೂರೂ ಒಟ್ಟಿಗೇ ಹೋಗಬೇಕು. ಚೂರು ಮಾತ್ರ ಅಳಿಸಿ ನೆರಳು ಬಿಟ್ಟರೆ ತಟ್ಟೆಯಲ್ಲಿ ಕುಳಿ ಬಿದ್ದ ಹಾಗಿರುತ್ತದೆ.

`H` ಒತ್ತಿ `Heal` ಟೂಲ್ ತೆಗೆದುಕೊಳ್ಳಿ. ಬ್ರಷ್ `2. Hardness 075` ಇರಲಿ. ಅಳತೆಯನ್ನು ಚೂರು ಮತ್ತು ನೆರಳು ಎರಡೂ ಮುಚ್ಚುವಷ್ಟು ಇಟ್ಟುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ಚೂರು ನೆರಳು ಸೇರಿ 40 ಪಿಕ್ಸೆಲ್ ಇದ್ದರೆ 60ರ ಬ್ರಷ್ ಸಾಕು. `Ctrl` ಹಿಡಿದು, ಅಂಚಿನ ಉದ್ದಕ್ಕೂ ಸ್ವಲ್ಪ ಪಕ್ಕದಲ್ಲಿರುವ ಚೊಕ್ಕ ಜಾಗದ ಮೇಲೆ ಕ್ಲಿಕ್ ಮಾಡಿ. ಗಿಂಪ್ ಅದನ್ನು ಮಾದರಿಯಾಗಿ ಹಿಡಿಯುತ್ತದೆ. ಆಮೇಲೆ ಚೂರಿನ ಮೇಲೆ ಒಂದೇ ಒಂದು ಕ್ಲಿಕ್. ಎಳೆಯಬೇಡಿ, ಉಜ್ಜಬೇಡಿ. ಸರಿಯಾಗದಿದ್ದರೆ `Ctrl+Z` ಒತ್ತಿ, ಬೇರೆ ಮಾದರಿ ಹಿಡಿದು ಮತ್ತೆ ಮಾಡಿ. ಒಂದರ ಮೇಲೊಂದು ಕ್ಲಿಕ್ ಮಾಡುತ್ತಾ ಹೋದರೆ ಪಿಂಗಾಣಿಯ ಮೇಲ್ಮೈಯ ಸಣ್ಣ ಕಾಳು ಕಾಳು ಗುಣ ಹೋಗಿ ಪ್ಲಾಸ್ಟಿಕ್ ತೇಪೆ ಹಾಕಿದಂತಾಗುತ್ತದೆ.

ಈ ಟೂಲ್ ಎಲ್ಲಿ ಕೈಕೊಡುತ್ತದೆ, ಯಾಕೆ ಅಂತ ತಿಳಿದಿರಲಿ. `Heal` ಮಾದರಿಯಿಂದ ಮೇಲ್ಮೈಯ ವಿವರ ತೆಗೆದುಕೊಳ್ಳುತ್ತದೆ, ಬಣ್ಣ ಮತ್ತು ಬೆಳಕನ್ನು ಮಾತ್ರ ಬ್ರಷ್‌ನ ಅಂಚಿನ ಸುತ್ತ ಇರುವ ಪಿಕ್ಸೆಲ್‌ಗಳಿಗೆ ಹೊಂದಿಸುತ್ತದೆ. ಸಪಾಟಾದ ಪಟ್ಟಿಯ ನಡುವೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಸುತ್ತಲೂ ಬಿಳಿಯೇ. ಅದೇ ಬ್ರಷ್‌ನ ಒಂದು ಬದಿ ಮರದ ಮೇಜನ್ನೋ ಬಾತನ್ನೋ ಮುಟ್ಟಿದರೆ, ಆ ಕಂದು ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಿಳಿಯೊಳಗೆ ಹರಡಿಬಿಡುತ್ತದೆ. ತಟ್ಟೆಯನ್ನು ಸೆಲೆಕ್ಟ್ ಮಾಡಿಕೊಂಡರೂ ಗಿಂಪ್‌ನಲ್ಲಿ ಇದು ತಪ್ಪುವುದಿಲ್ಲ. ಸೆಲೆಕ್ಷನ್ ಬಣ್ಣ ಆಚೆ ಬೀಳದಂತೆ ತಡೆಯುತ್ತದೆ ಅಷ್ಟೇ, ಲೆಕ್ಕವನ್ನು ತಡೆಯುವುದಿಲ್ಲ.

ಹಾಗಾಗಿ ತುದಿಗೆ ತಾಗಿಕೊಂಡ ಚೂರಿಗೆ `C` ಒತ್ತಿ `Clone` ಬಳಸಿ. ಅದು ಲೆಕ್ಕ ಹಾಕುವುದಿಲ್ಲ, ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುತ್ತದೆ. `Ctrl` ಕ್ಲಿಕ್ ಮಾಡುವಾಗ ಹೊಳಪಿನ ಗೆರೆ ಬ್ರಷ್‌ನ ನಡುವೆ ಹಾದುಹೋಗುವಂತೆ ಹಿಡಿಯಿರಿ, ಬಣ್ಣ ಹಾಕುವಾಗಲೂ ಆ ಗೆರೆ ಅದೇ ಜಾಗದಲ್ಲಿ ಕೂರುವಂತೆ ಇಡಿ. ಚಿಕ್ಕ ಚೂರಿಗೆ ಇದು ಸಾಕು, ಅಷ್ಟು ಕಡಿಮೆ ದೂರದಲ್ಲಿ ತಟ್ಟೆಯ ತಿರುವು ಗೊತ್ತಾಗುವುದಿಲ್ಲ.

ಹಳದಿ ಗೀರು: ಬಣ್ಣ ಮಾತ್ರ ತೆಗೆಯಿರಿ

ಟಿಶ್ಯೂನಲ್ಲಿ ಒರೆಸಿದಾಗ ಉಳಿಯುವ ಅರಿಶಿನ ಎಣ್ಣೆಯ ಪದರ ಚೂರಿನ ತರಹ ಅಲ್ಲ. ಅದರ ಕೆಳಗೆ ಪಿಂಗಾಣಿ ಸರಿಯಾಗೇ ಕಾಣುತ್ತಿರುತ್ತದೆ, ಬೆಳಕೂ ಸರಿ ಇರುತ್ತದೆ. ಬಣ್ಣ ಒಂದೇ ತಪ್ಪು. ಅಷ್ಟು ದೊಡ್ಡ ಜಾಗಕ್ಕೆ ಬೇರೆ ಕಡೆಯಿಂದ ಪಿಂಗಾಣಿ ತಂದು ಮುಚ್ಚುವುದು ಸುಮ್ನೆ ಅಪಾಯ ತಂದುಕೊಂಡ ಹಾಗೆ.

ಮೇಲೆ ಒಂದು ಹೊಸ ಪಾರದರ್ಶಕ ಲೇಯರ್ ಹಾಕಿ, ಅದರ `Mode` ಅನ್ನು `LCh Color` ಮಾಡಿ. ಈ ಮೋಡ್‌ನಲ್ಲಿ ನೀವು ಹಚ್ಚುವ ಬಣ್ಣ ಕೆಳಗಿನ ಬಣ್ಣವನ್ನು ಬದಲಿಸುತ್ತದೆ, ಬೆಳಕು ನೆರಳನ್ನು ಮುಟ್ಟುವುದಿಲ್ಲ. ಈಗ ಬಣ್ಣ ಆರಿಸಬೇಕು. ಬೂದು ಬಣ್ಣ ಹಚ್ಚಿದರೆ ಆಗುತ್ತದೆ ಅಂತ ಅನ್ನಿಸಬಹುದು, ಆದರೆ ಕಿಟಕಿ ಬೆಳಕಿನಲ್ಲಿ ಬಿಳಿ ತಟ್ಟೆ ಸ್ವಲ್ಪ ನೀಲಿಯಾಗಿರುತ್ತದೆ, ಬೂದು ಹಚ್ಚಿದ ಜಾಗ ಎದ್ದು ಕಾಣುತ್ತದೆ. `O` ಒತ್ತಿ `Color Picker` ತೆಗೆದುಕೊಂಡು, `Sample merged` ಗುರುತು ಹಾಕಿ, ಗೀರಿನ ಪಕ್ಕದಲ್ಲೇ, ಹೊರತುದಿಯಿಂದ ಅಷ್ಟೇ ದೂರದ ಚೊಕ್ಕ ಬಿಳಿಯನ್ನು ಎತ್ತಿಕೊಳ್ಳಿ. `Sample average` ಕೂಡ ಹಾಕಿ, ಇಲ್ಲದಿದ್ದರೆ ಯಾವುದೋ ಒಂದು ಪಿಕ್ಸೆಲ್‌ನ ಬಣ್ಣ ಬಂದುಬಿಡುತ್ತದೆ.

ಆಮೇಲೆ `P` ಒತ್ತಿ, ಮೆತ್ತನೆಯ ಬ್ರಷ್‌ನಲ್ಲಿ, `Opacity` 40ರಷ್ಟಿಟ್ಟು, ಗೀರಿನ ಮೇಲೆ ಒಂದೆರಡು ಸಲ ಆಡಿಸಿ. ಹಳದಿ ಕಣ್ಣೆದುರಿಗೇ ಇಳಿದುಹೋಗುತ್ತದೆ. ಒಳತುದಿ ಹತ್ತಿರ ಬಂದಾಗ ನಿಲ್ಲಿಸಿ, ಅಲ್ಲಿರುವುದು ಬಾತ್‌ನಿಂದ ಬಿದ್ದ ಬಣ್ಣ.

ಹಳದಿ ಹೋದಮೇಲೂ ಸ್ವಲ್ಪ ಕಪ್ಪು ಛಾಯೆ ಉಳಿದಿದ್ದರೆ ಕೆಳಗಿನ ನಕಲು ಲೇಯರ್‌ಗೆ ಹೋಗಿ, `Dodge / Burn` ಟೂಲ್‌ನಲ್ಲಿ `Dodge`, `Highlights` ಆರಿಸಿ, `Exposure` 5ಕ್ಕೆ ಇಳಿಸಿ ಮೆಲ್ಲಗೆ ಹಚ್ಚಿ. ಮೊದಲಿಗೇ ಇರುವ ಅಳತೆ ಇಲ್ಲಿಗೆ ತುಂಬಾ ಜಾಸ್ತಿ, ಒಂದೇ ಏಟಿಗೆ ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ.

ತುಪ್ಪದ ಹನಿ: ಅಂಚನ್ನೇ ತಿರುಗಿಸಿ ತನ್ನಿ

ಕಷ್ಟದ ಕೆಲಸ ಇದು. ತುಪ್ಪ ಒಳತುದಿ, ಪಟ್ಟಿ, ಹೊರತುದಿ ಮೂರನ್ನೂ ದಾಟಿ ಹೋಗಿದೆ. ಹನಿಗೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ಗಾಢವಾದ ಗೆರೆ. `Heal` ಇಲ್ಲಿ ಎರಡೂ ತುದಿಯಲ್ಲಿ ಕೆಡಿಸುತ್ತದೆ. `Clone` ಇಷ್ಟು ಅಗಲಕ್ಕೆ ಹೋದರೆ ತಟ್ಟೆಯ ತಿರುವು ತಪ್ಪಿ ಹೊರಗೆರೆ ಮುರಿಯುತ್ತದೆ.

ಆದರೆ ಫೋಟೋ ನೇರ ಮೇಲಿನಿಂದ ತೆಗೆದದ್ದು, ತಟ್ಟೆ ಪೂರ್ತಿ ದುಂಡಗಿದೆ. ಹಾಗಿದ್ದರೆ ಐದು ಗಂಟೆಯ ಕಡೆಯ ಚೊಕ್ಕ ಅಂಚನ್ನು ತಟ್ಟೆಯ ಕೇಂದ್ರದ ಸುತ್ತ ತಿರುಗಿಸಿ ನಾಲ್ಕು ಗಂಟೆಗೆ ತರಬಹುದು. ಹೊಳಪಿನ ಗೆರೆ, ಪಟ್ಟಿ, ಒಳನೆರಳು ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಕೂರುತ್ತವೆ. ಚೂರು ಮತ್ತು ಗೀರನ್ನು ಮೊದಲು ತೆಗೆದದ್ದೂ ಇದಕ್ಕೇ: ತರುವ ಅಂಚು ಚೊಕ್ಕವಾಗಿರಬೇಕು.

ಮೊದಲು ಕೇಂದ್ರ ಹುಡುಕಿ. `E` ಒತ್ತಿ `Ellipse Select` ತೆಗೆದುಕೊಂಡು, `Fixed` ಗುರುತು ಹಾಕಿ `Aspect ratio` 1:1 ಕೊಡಿ. ತಟ್ಟೆಯ ಹೊರತುದಿಗೆ ಸರಿಯಾಗಿ ಕೂರುವ ಹಾಗೆ ವೃತ್ತ ಎಳೆದು ಸರಿಪಡಿಸಿ. ಟೂಲ್‌ನ ಆಯ್ಕೆಗಳಲ್ಲಿ `Position` ಮತ್ತು `Size` ಕಾಣುತ್ತವೆ. 6000×4000ರ ನಮ್ಮ ಫೋಟೋದಲ್ಲಿ `Position` 1420, 560 ಇದೆ, `Size` 2880, 2880 ಇದೆ ಅಂದುಕೊಳ್ಳಿ. ಅರ್ಧ ಅಳತೆ 1440. ಅದನ್ನು ಕೂಡಿದರೆ ಕೇಂದ್ರ 2860, 2000. `Image > Guides > New Guide` ಬಳಸಿ 2000ದಲ್ಲಿ ಒಂದು ಅಡ್ಡ ಗೆರೆ, 2860ರಲ್ಲಿ ಒಂದು ಉದ್ದ ಗೆರೆ ಹಾಕಿ. ಅವು ಕೂಡುವ ಜಾಗವೇ ಕೇಂದ್ರ.

ವೃತ್ತ ಎಷ್ಟೇ ಸರಿಪಡಿಸಿದರೂ ಒಂದು ಬದಿಯಲ್ಲಿ ಹತ್ತಾರು ಪಿಕ್ಸೆಲ್ ಸಂದು ಉಳಿಯುತ್ತಿದ್ದರೆ ಕ್ಯಾಮೆರಾ ನೇರವಾಗಿರಲಿಲ್ಲ ಅಂತ ಅರ್ಥ. ಸಂದು ಚಿಕ್ಕದಾಗಿದ್ದರೆ ಮುಂದುವರಿಯಿರಿ, ದೊಡ್ಡದಾಗಿದ್ದರೆ ಕೆಳಗೆ ಓರೆ ಫೋಟೋ ಬಗ್ಗೆ ಹೇಳಿರುವುದನ್ನು ನೋಡಿ.

ಈಗ `Select > None` ಕೊಟ್ಟು, `Layer > New from Visible` ಕೊಡಿ. ಇಲ್ಲಿಯವರೆಗಿನ ಕೆಲಸವೆಲ್ಲ ಸೇರಿದ ಒಂದು ಲೇಯರ್ ಬರುತ್ತದೆ, ಅದನ್ನು ಎಲ್ಲಕ್ಕಿಂತ ಮೇಲೆ ಇಡಿ. `F` ಒತ್ತಿ `Free Select` ಟೂಲ್‌ನಲ್ಲಿ ಐದು ಗಂಟೆಯ ಕಡೆ, ಹನಿಗಿಂತ ಎರಡರಷ್ಟು ಅಗಲದ ಅಂಚಿನ ತುಂಡನ್ನು ಸುತ್ತುವರಿಯಿರಿ. ಹೊರಗಡೆ ಮೇಜಿನ ಕಡೆಗೆ ಒಂದಿಪ್ಪತ್ತು ಪಿಕ್ಸೆಲ್ ಹೆಚ್ಚಾಗಿಯೇ ಸೇರಿಸಿಕೊಳ್ಳಿ. `Enter` ಒತ್ತಿದ ಮೇಲೆ `Select > Feather` 8 ಪಿಕ್ಸೆಲ್. ನಂತರ `Layer > Mask > Add Layer Mask` ತೆರೆದು `Selection` ಆರಿಸಿ. ಈಗ ಆ ಲೇಯರ್‌ನಲ್ಲಿ ತುಂಡು ಮಾತ್ರ ಕಾಣುತ್ತದೆ, ಉಳಿದದ್ದು ಮಾಸ್ಕ್ ಹಿಂದೆ ಅಡಗಿರುತ್ತದೆ. `Select > None` ಮತ್ತೆ ಕೊಡಿ. ಇದನ್ನು ಮರೆತರೆ ಮುಂದಿನ ಹೆಜ್ಜೆಯಲ್ಲಿ ಇಡೀ ಲೇಯರ್ ಬದಲು ಸೆಲೆಕ್ಟ್ ಆದ ಭಾಗ ಮಾತ್ರ ಕಿತ್ತುಕೊಂಡು ತಿರುಗುತ್ತದೆ.

ಲೇಯರ್ ಪಟ್ಟಿಯಲ್ಲಿ ಮಾಸ್ಕ್ ಬದಲು ಚಿತ್ರದ ಮೇಲೆ ಕ್ಲಿಕ್ ಮಾಡಿ, `Shift+R` ಒತ್ತಿ. `Rotate` ಟೂಲ್ ಬರುತ್ತದೆ. ನಡುವೆ ಕಾಣುವ ತಿರುಗುವ ಬಿಂದುವನ್ನು ಎಳೆದು ಎರಡು ಗೆರೆಗಳು ಕೂಡುವ ಜಾಗಕ್ಕೆ ತನ್ನಿ. `Angle` −30 ಕೊಡಿ. ತುಂಡು ಐದರಿಂದ ನಾಲ್ಕರ ಕಡೆಗೆ ಏರುತ್ತದೆ. ಉಲ್ಟಾ ಹೋದರೆ ಚಿಹ್ನೆ ಬದಲಿಸಿ. ಹನಿ ಪೂರ್ತಿ ಮುಚ್ಚುವವರೆಗೆ ಡಿಗ್ರಿ ಸ್ವಲ್ಪ ಆಚೀಚೆ ಮಾಡಿ, ಆಮೇಲಷ್ಟೇ `Rotate` ಒತ್ತಿ. ತಿರುಗಿಸುವುದು ಒಂದೇ ಸಲ ಇರಲಿ. ಪ್ರತಿ ಸಲ ತಿರುಗಿಸಿದಾಗಲೂ ಪಿಕ್ಸೆಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುವುದರಿಂದ ತುಂಡು ಸ್ವಲ್ಪ ಮಸುಕಾಗುತ್ತದೆ. ಸರಿ ಬರದಿದ್ದರೆ `Ctrl+Z` ಮಾಡಿ ಮೊದಲಿನಿಂದ ತಿರುಗಿಸಿ.

ಹೊರಗೆರೆ ಈಗ ಎರಡೂ ಕಡೆ ಕೂಡಿಕೊಂಡಿರಬೇಕು. ಒಂದೆರಡು ಪಿಕ್ಸೆಲ್ ಹೆಚ್ಚುಕಡಿಮೆ ಇದ್ದರೆ `Move` ಟೂಲ್ ಹಿಡಿದು ಬಾಣದ ಕೀಲಿಗಳಿಂದ ಸರಿಸಿ. ಬೆಳಕಿನಲ್ಲಿ ಚೂರು ವ್ಯತ್ಯಾಸ ಇದ್ದೇ ಇರುತ್ತದೆ, ಕಿಟಕಿಯಿಂದ ಐದು ಗಂಟೆಯ ಜಾಗ ಮತ್ತು ನಾಲ್ಕು ಗಂಟೆಯ ಜಾಗ ಒಂದೇ ದೂರದಲ್ಲಿ ಇಲ್ಲ, ಅಲ್ವಾ? `Colors > Levels` ತೆರೆದು ನಡುವಿನ ಗುಂಡಿಯನ್ನು ಒಂಚೂರು ಸರಿಸಿ, ಎರಡೂ ಕೊನೆ ಪಕ್ಕದ ಅಂಚಿಗೆ ಸೇರಿಹೋಗುವವರೆಗೆ. ಇದೇ ಕಾರಣಕ್ಕೆ ಎದುರು ಬದಿಯ, ಹತ್ತು ಗಂಟೆಯ ಅಂಚನ್ನು ತರಬಾರದು. ಅಲ್ಲಿ ಹೊಳಪು ನೆರಳು ಎರಡೂ ತಲೆಕೆಳಗಾಗಿರುತ್ತವೆ, ಲೆವೆಲ್ಸ್ ಅದನ್ನು ಸರಿ ಮಾಡಲಾರದು.

ಇನ್ನು ಮಾಸ್ಕ್ ಕೆಲಸ. ಮಾಸ್ಕ್ ಮೇಲೆ ಕ್ಲಿಕ್ ಮಾಡಿ, ಕಪ್ಪು ಬಣ್ಣದ ಬ್ರಷ್ ಹಿಡಿಯಿರಿ. ಹೊರಗಡೆ ತುಂಡಿನ ಜೊತೆ ಬಂದ ಮೇಜಿನ ಮರ ಕೆಳಗಿನ ಮರಕ್ಕೆ ಹೊಂದುವುದಿಲ್ಲ, ಅದರ ಎಳೆಗಳೂ 30 ಡಿಗ್ರಿ ತಿರುಗಿವೆ. ಅದನ್ನು ಕಪ್ಪಿನಿಂದ ಅಳಿಸಿ, ಆದರೆ ತಟ್ಟೆಯ ಅಡಿಯ ಗಾಢ ನೆರಳಿನ ಗೆರೆ ಉಳಿಯಲಿ. ಎಡಬಲದ ಕೊನೆಗಳನ್ನು ದೊಡ್ಡ ಮೆತ್ತನೆಯ ಬ್ರಷ್‌ನಲ್ಲಿ ಕರಗಿಸಿ.

ಒಳತುದಿಯಲ್ಲಿ ಕೈ ನಿಧಾನವಾಗಿರಲಿ. ಬಾತ್‌ನ ಅಂಚು ಯಾವತ್ತೂ ಚಾಕುವಿನಲ್ಲಿ ಕೊಯ್ದಂತೆ ಇರುವುದಿಲ್ಲ. ಒಂದು ಅನ್ನದ ಅಗುಳು ಮುಂದೆ ಚಾಚಿರುತ್ತದೆ, ಪಕ್ಕದಲ್ಲಿ ಬೇಳೆ ಕರಗಿ ತುಸು ಹರಡಿರುತ್ತದೆ, ಅದರ ಸುತ್ತ ಎಣ್ಣೆಯ ತೆಳು ಗೆರೆ. `2. Hardness 075` ಬ್ರಷ್‌ನ ಅಳತೆ ಒಂದು ಅಗುಳಿನಷ್ಟು ಮಾಡಿಕೊಂಡು, ಕೆಳಗಿನ ನಿಜವಾದ ಬಾತ್ ಅಗುಳು ಅಗುಳಾಗಿ ಹೊರಬರುವ ಹಾಗೆ ಕಪ್ಪು ಹಚ್ಚಿ. ಹನಿ ಹೊರಟ ಬಾಯಿಯಲ್ಲಿ ತುಪ್ಪದ ಹೊಳಪು ಸ್ವಲ್ಪ ಉಳಿದು ಅಲ್ಲೇ ನಿಂತ ಹಾಗೆ ಕಂಡರೆ ಇನ್ನೂ ಒಳ್ಳೆಯದು. ಅಲ್ಲಿ ಬಾತ್ ತುಂಡಾದ ಹಾಗೆ ಕಂಡರೆ, ಹೊಸ ಲೇಯರ್ ಹಾಕಿ `Clone` ಟೂಲ್‌ನಲ್ಲಿ `Sample merged` ಗುರುತು ಹಾಕಿ, ಬಾತ್‌ನ ಇನ್ನೊಂದು ಅಂಚಿನಿಂದ ಒಂದೆರಡು ಅಗುಳು ತಂದು ಕೂರಿಸಿ. ಕಣ್ಣಿಗೆ ಥಟ್ಟನೆ ಹೊಳೆಯುವ ಒಗ್ಗರಣೆ ಸಾಸಿವೆ, ಗೋಡಂಬಿ ಇರುವ ಜಾಗ ಮಾತ್ರ ಬೇಡ. ಅದೇ ಗೋಡಂಬಿ ಎರಡು ಕಡೆ ಕಂಡರೆ ಗುಟ್ಟು ರಟ್ಟಾಗುತ್ತದೆ.

ಓರೆಯಾಗಿ ತೆಗೆದ ಫೋಟೋ, ಸ್ಟೀಲ್ ತಟ್ಟೆ

ಎದುರು ಕೂತು ಓರೆಯಾಗಿ ತೆಗೆದ ಫೋಟೋದಲ್ಲಿ ತಟ್ಟೆ ಮೊಟ್ಟೆಯಾಕಾರ ಆಗಿರುತ್ತದೆ, ಹತ್ತಿರದ ಅಂಚು ಅಗಲ, ದೂರದ್ದು ಸಣ್ಣ. ತಿರುಗಿಸಿ ತಂದರೆ ಕೂರುವುದಿಲ್ಲ. ದೂರದ ಅಂಚು ಮಸುಕಾಗಿಯೂ ಇರುತ್ತದೆ, ಸ್ಪಷ್ಟವಾದ ತುಂಡನ್ನು ಅಲ್ಲಿ ಹಾಕಿದರೆ ತಕ್ಷಣ ಗೊತ್ತಾಗುತ್ತದೆ. ತಟ್ಟೆ ಫೋಟೋದ ನಡುವೆ ಇದ್ದರೆ, ಅದೇ ಎತ್ತರದಲ್ಲಿರುವ ಎಡ ಅಂಚನ್ನು `Flip` ಟೂಲ್‌ನಿಂದ ಮಗುಚಿ ಬಲಕ್ಕೆ ತರಬಹುದು. ಆಕಾರ, ಮಸುಕು ಎರಡೂ ಹೊಂದುತ್ತವೆ. ಬೆಳಕು ಮಾತ್ರ ಹೊಂದುವುದಿಲ್ಲ, ಲೆವೆಲ್ಸ್‌ನಲ್ಲಿ ಜಾಸ್ತಿ ಕೆಲಸ ಇರುತ್ತದೆ. ಕಿಟಕಿ ಬೆಳಕು ಒಂದೇ ಬದಿಯಿಂದ ಜೋರಾಗಿದ್ದರೆ ಈ ದಾರಿ ಬಿಟ್ಟು, ಹನಿಯ ಪಕ್ಕದ ಅಂಚಿನಿಂದಲೇ ಚಿಕ್ಕ ಚಿಕ್ಕ ತುಂಡು ತಂದು `Unified Transform` ಟೂಲ್‌ನಲ್ಲಿ ಒಂದೊಂದನ್ನೇ ತಿರುಗಿಸಿ, ಓರೆ ಮಾಡಿ ಕೂರಿಸುವುದು ಮೇಲು.

ಸ್ಟೀಲ್ ತಟ್ಟೆಯ ಅಂಚಿನಲ್ಲಿ ಉಜ್ಜಿ ಉಜ್ಜಿ ಆದ ಸಣ್ಣ ಗೀರುಗಳಿರುತ್ತವೆ, ಜೊತೆಗೆ ಕಿಟಕಿ, ಫೋನು, ತೆಗೆದವರ ಕೈ ಎಲ್ಲದರ ಪ್ರತಿಬಿಂಬ. ಅಲ್ಲಿ ಅಂಚಿನ ಉದ್ದಕ್ಕೂ ಬೆಳಕು ಒಂದೇ ಸಮ ಇರುತ್ತದೆ ಅನ್ನೋ ಲೆಕ್ಕವೇ ನಡೆಯುವುದಿಲ್ಲ. ಚೂರನ್ನು ಚಿಕ್ಕ ಬ್ರಷ್‌ನಲ್ಲಿ `Clone` ಮಾಡಿ, ಹನಿ ಇದ್ದರೆ ಫೋಟೋ ಇನ್ನೊಮ್ಮೆ ತೆಗೆಯುವುದು ವಾಸಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಇಯರ್‌ಬಡ್‌ನಲ್ಲಿ ಒರೆಸಿದರೆ ತುಪ್ಪ ಬರುತ್ತದೆ. ತಣ್ಣೀರಿನಲ್ಲಿ ಅದು ಗಟ್ಟಿಯಾಗಿ ಇನ್ನಷ್ಟು ಹರಡುತ್ತದೆ. ಒರೆಸುವಾಗ ಒಳಗಿನಿಂದ ಹೊರಕ್ಕೆ ಎಳೆಯಿರಿ, ಪ್ರತಿ ಸಲ ಹೊಸ ತುದಿ.

ಫೋನಿನಲ್ಲಿ ಸ್ನ್ಯಾಪ್‌ಸೀಡ್‌ನ `Healing` ಬಳಸುವವರು ಪಟ್ಟಿಯ ನಡುವಿನ ಚೂರಿಗೆ ಬಳಸಿ, ಚೆನ್ನಾಗಿ ಬರುತ್ತದೆ. ಎರಡು ಬೆರಳಲ್ಲಿ ಆದಷ್ಟು ದೊಡ್ಡದು ಮಾಡಿ ಒಂದು ಸಲ ಮುಟ್ಟಿ. ಅಲ್ಲಿ ಮಾದರಿ ಆರಿಸುವ ಅವಕಾಶ ಇಲ್ಲ, ಹಾಗಾಗಿ ತುದಿಗೆ ತಾಗಿದ ಕಲೆಗೆ ಬೇಡ.

ಉಳಿದ ಗುರುತು ಹಿಡಿಯುವುದು

ಕಣ್ಣಿಗೆ ಎಲ್ಲ ಸರಿ ಅನ್ನಿಸಿದ ಮೇಲೂ ಒಂದು ಪರೀಕ್ಷೆ ಮಾಡಿ. ಮತ್ತೆ `Layer > New from Visible` ಕೊಟ್ಟು, ಆ ಲೇಯರ್ ಮೇಲೆ `Colors > Curves` ತೆರೆಯಿರಿ. ಬಲಗಡೆ ಮೇಲಿನ ಮೂಲೆ ಹತ್ತಿರ, ಅಂದರೆ ತಟ್ಟೆಯ ಬಿಳಿ ಇರುವ ಭಾಗದಲ್ಲಿ, ಗೆರೆಯನ್ನು ತುಂಬಾ ಕಡಿದಾಗಿ ಎಳೆಯಿರಿ. ತಟ್ಟೆಯ ಬೆಳಕಿನ ಏರಿಳಿತ ಎದ್ದು ಕಾಣುತ್ತದೆ. `Heal` ಮಾಡಿದ ಜಾಗ ದುಂಡನೆಯ ಮಚ್ಚೆಯಾಗಿ, ತಿರುಗಿಸಿ ತಂದ ತುಂಡಿನ ಕೊನೆ ನೇರ ಗೆರೆಯಾಗಿ ತೋರಿದರೆ ಅಲ್ಲಿ ಇನ್ನೂ ಕೆಲಸ ಇದೆ. ಹಳದಿ ತೆಗೆದ ಜಾಗ ನೀಲಿಯಾಗಿ ಕಂಡರೆ ಬಣ್ಣ ಜಾಸ್ತಿ ಹಚ್ಚಿದ್ದೀರಿ, ಆ ಲೇಯರ್‌ನ `Opacity` ಇಳಿಸಿ. ನೋಡಿ ಆದಮೇಲೆ ಈ ಪರೀಕ್ಷೆಯ ಲೇಯರ್ ಅಳಿಸಿಬಿಡಿ.

`View > Flip & Rotate > Flip Horizontally` ಕೂಡ ಕೊಟ್ಟು ನೋಡಿ. ತುಂಬ ಹೊತ್ತು ಒಂದೇ ಚಿತ್ರ ನೋಡಿದ ಕಣ್ಣಿಗೆ ತಪ್ಪು ಕಾಣುವುದು ನಿಂತುಹೋಗಿರುತ್ತದೆ. ಎಡಬಲ ಬದಲಾದಾಗ ಹೊರಗೆರೆಯ ಸಣ್ಣ ಡೊಂಕೂ ಕಣ್ಣಿಗೆ ಬೀಳುತ್ತದೆ. ಇದು ನೋಟವನ್ನಷ್ಟೇ ಮಗುಚುತ್ತದೆ, ಫೋಟೋ ಬದಲಾಗುವುದಿಲ್ಲ.

ಲೇಯರ್‌ಗಳ ಸಮೇತ ಗಿಂಪ್‌ನ ಸ್ವಂತ XCF ಫೈಲ್ ಆಗಿ ಉಳಿಸಿಕೊಂಡು, ಹಾಕಲು ಬೇಕಾದದ್ದನ್ನು `File > Export As` ಮೂಲಕ JPEG ಮಾಡಿ. ಫೋಟೋದ ಬಣ್ಣ ಬೆಳಕು ತಿದ್ದುವುದಿದ್ದರೆ ಅದನ್ನು ಅಂಚು ಶುಚಿ ಮಾಡುವ ಮೊದಲೇ ಮುಗಿಸಿಕೊಂಡಿರಿ. ಆಮೇಲೆ ಕಾಂಟ್ರಾಸ್ಟ್ ಏರಿಸಿದರೆ ಅಲ್ಲಿಯವರೆಗೆ ಕಾಣದಿದ್ದ ತೇಪೆಗಳೆಲ್ಲ ಮೇಲೆದ್ದು ಬರುತ್ತವೆ.